ಸದರಿ ಕಾರ್ಮಿಕನು ಕಾಲು ಜಾರಿ...

ಪೆನ್ನು ಸ್ವಲ್ಪ ಕೆಳಗಿಡಿ ಸ್ವಾಮಿ. ಹೌದು, ನಿಮಗೇ ಹೇಳ್ತಿರೋದು, ಆಚೀಚೆ ನೋಡ್ಬೇಡಿ. ಶಾಪಿನಲ್ಲಿ ಹುಡುಗ ಬಿದ್ದು ಇನ್ನೂ ಕಾಲು ಗಂಟೆ ಆಗಿಲ್ಲ, ಆಗಲೇ ನಿಮ್ಮ ತಲೆಯಲ್ಲಿ ರಿಪೋರ್ಟಿನ ಮೊದಲ ಸಾಲು ರೆಡಿ. ಏನು ಅಂತ ನಾನೇ ಹೇಳ್ಲಾ? ‘ಸದರಿ ಕಾರ್ಮಿಕನು ತನ್ನ ಅಜಾಗರೂಕತೆಯಿಂದ...’

ಸರೀನಾ? ನಾನೇನು ಕಣಿ ಹೇಳೋನಲ್ಲ. ಇಂಥ ರಿಪೋರ್ಟುಗಳನ್ನ ಓದೋದೇ ನನ್ನ ಹೊಟ್ಟೆಪಾಡು. ಯಾವ ಕಾರ್ಖಾನೆ ಆಗಲಿ, ಯಾವ ಗೋಡೌನ್ ಆಗಲಿ, ಬಿದ್ದವನು ಬೇರೆ, ಬಿದ್ದ ಜಾಗ ಬೇರೆ, ‘ಅಜಾಗರೂಕತೆ’ ಮಾತ್ರ ಒಂದೇ. (ಒಂದೊಂದ್ಸಲ ಕಾಗುಣಿತದ ತಪ್ಪೂ ಒಂದೇ. ಹಳೇ ಫೈಲ್ ತೆಗೆದು ಹೆಸರು, ತಾರೀಕು ಮಾತ್ರ ಬದಲಾಯಿಸೋ ಅಭ್ಯಾಸ ನಿಮಗೂ ಇದೆ ಅಂತ ಕಾಣುತ್ತೆ.)

ಇದು ನಮ್ಮ ಮನೆಯಿಂದಲೇ ಬಂದ ವಿದ್ಯೆ ಬಿಡಿ. ಅಡುಗೆಮನೆಯಲ್ಲಿ ಲೋಟ ಒಡೆದ ಸದ್ದಾದರೆ ಹಾಲಿಂದ ಬರೋ ಮೊದಲ ಪ್ರಶ್ನೆ ‘ಏನಾಯ್ತು’ ಅಂತಲಾ? ‘ಯಾರೋ ಅದು?’ ಅಂತ. ಹೆಸರು ಸಿಕ್ತಾ, ಕೇಸು ಮುಗೀತು. ಲೋಟ ಕಟ್ಟೆ ಅಂಚಲ್ಲಿ ಯಾಕಿತ್ತು ಅಂತ ಯಾವ ಅಪ್ಪ ಕೇಳಿದ್ದಾನೆ?

ಈಗ ಒಂದು ಕೇಸ್ ಇಟ್ಕೊಂಡು ಕೂತ್ಕೊಳ್ಳೋಣ. ಪೀಣ್ಯದ ಕಡೆ ಇರುತ್ತಲ್ಲ, ಅಂಥದ್ದೊಂದು ಪ್ರೆಸ್ ಶಾಪ್ ಅಂದ್ಕೊಳ್ಳಿ. ಸೆಕೆಂಡ್ ಶಿಫ್ಟು, ಗುರುವಾರ. ಹೆಲ್ಪರ್ ಒಬ್ಬ ಕಾಂಪೊನೆಂಟ್ ತುಂಬಿದ ಕ್ರೇಟ್ ಹೊತ್ಕೊಂಡು ಇನ್‌ಸ್ಪೆಕ್ಷನ್ ಟೇಬಲ್ ಕಡೆ ಹೋಗ್ತಿದ್ದ. ಮೂರನೇ ಪ್ರೆಸ್ ಪಕ್ಕ ಜಾರಿ ಬಿದ್ದ. ಎಡಗೈ ಊರಿದ. ಕೈ ಊದ್ಕೊಳ್ತು.

ನೀವು ಅಲ್ಲಿನ ಸೂಪರ್‌ವೈಸರ್. ಬರೆದ್ರಿ: ‘ದಿನಾಂಕ ಇಷ್ಟರಂದು ಸಂಜೆ ಸುಮಾರು 5.30ಕ್ಕೆ ಸದರಿ ಕಾರ್ಮಿಕನು ಅಜಾಗರೂಕತೆಯಿಂದ ಅವಸರದಲ್ಲಿ ನಡೆದು ಹೋಗುವಾಗ ನೆಲದ ಮೇಲಿದ್ದ ಎಣ್ಣೆಯನ್ನು ಗಮನಿಸದೆ ಕಾಲು ಜಾರಿ ಬಿದ್ದು ಕೈ ಮುರಿದುಕೊಂಡಿರುತ್ತಾನೆ. ಸುರಕ್ಷತಾ ಶೂ ಧರಿಸಿರಲಿಲ್ಲ. ಇನ್ನು ಮುಂದೆ ಎಚ್ಚರಿಕೆಯಿಂದ ಇರುವಂತೆ ತಿಳಿಹೇಳಲಾಗಿದೆ.’ ಸಹಿ, ಸೀಲು.

ಎಷ್ಟು ಚೆನ್ನಾಗಿದೆ ಅಲ್ವಾ? ನಾಲ್ಕೇ ಸಾಲು. ಮ್ಯಾನೇಜರ್ರಿಗೂ ಖುಷಿ, ನಿಮಗೂ ಕಾಫಿಗೆ ಟೈಮು. ಒಂದೇ ಒಂದು ತೊಂದರೆ. ಇದನ್ನ ಓದಿದವರಿಗೆ ಅವತ್ತು ಅಲ್ಲಿ ಏನಾಯ್ತು ಅನ್ನೋದು ಗೊತ್ತಾಗಲ್ಲ. ನಿಮಗೆ ಆ ಹುಡುಗನ ಮೇಲೆ ಏನು ಅಭಿಪ್ರಾಯ ಅನ್ನೋದು ಮಾತ್ರ ಗೊತ್ತಾಗುತ್ತೆ.

ಬನ್ನಿ, ಒಂದೊಂದಾಗಿ ಬಿಚ್ಚೋಣ. ಮೊದಲು ‘ಅಜಾಗರೂಕತೆಯಿಂದ’. ನೀವು ನೋಡಿದ್ರಾ? ಇಲ್ಲ, ನೀವು ಆಗ ಆಫೀಸ್ ಕ್ಯಾಬಿನ್ನಲ್ಲಿದ್ರಿ. (ಫೋನಲ್ಲಿ ಏನು ನೋಡ್ತಿದ್ರಿ ಅಂತ ನಾನು ಕೇಳಲ್ಲ.) ಸಿಸಿ ಕ್ಯಾಮೆರಾದಲ್ಲಿ ಕಾಣುತ್ತಾ? ಕ್ಯಾಮೆರಾಗೆ ಕಾಲು ಕಾಣುತ್ತೆ, ಕ್ರೇಟ್ ಕಾಣುತ್ತೆ, ಎಣ್ಣೆ ಹೊಳಪೂ ಕಾಣಬಹುದು. ಅಜಾಗರೂಕತೆ ಯಾವ ಕ್ಯಾಮೆರಾಗೂ ಕಾಣಲ್ಲ.

ಇದೇ ಪರೀಕ್ಷೆ, ಬರ್ಕೊಳ್ಳಿ. ಪ್ರತಿ ಪದದ ಮುಂದೆ ನಿಂತು ಕೇಳಿ: ಇದು ಕಣ್ಣಿಗೆ ಕಾಣುತ್ತಾ, ಕಿವಿಗೆ ಕೇಳುತ್ತಾ, ಟೇಪಿಗೆ ತಕ್ಕಡಿಗೆ ಸಿಗುತ್ತಾ? ‘ಅವಸರದಲ್ಲಿ’ ಸಿಗಲ್ಲ. ‘ಕ್ರೇಟನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದು ನಡೆಯುತ್ತಿದ್ದರು’ ಸಿಗುತ್ತೆ. ಮತ್ತೆ ನೋಡಿ ಮಜಾ: ಎದೆಮಟ್ಟಕ್ಕೆ ಕ್ರೇಟ್ ಇದ್ದರೆ ಕಾಲಬುಡ ಕಾಣುತ್ತಾ? ‘ಎಣ್ಣೆಯನ್ನು ಗಮನಿಸದೆ’ ಅಂದ್ರಲ್ಲ, ಗಮನಿಸೋಕೆ ದಾರಿಯೇ ಇರಲಿಲ್ಲ.

‘ಅಯ್ಯೋ, ಒಂದು ಪದಕ್ಕೆ ಇಷ್ಟೊಂದಾ’ ಅಂತ ಮುಖ ಕಿವುಚ್ಬೇಡಿ. 1974ರಲ್ಲಿ ಅಮೆರಿಕದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನೋ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳಿಗೆ ಕಾರು ಡಿಕ್ಕಿಯ ಫಿಲ್ಮ್ ತೋರಿಸಿದ್ರು. ಆಮೇಲೆ ಎಷ್ಟು ಸ್ಪೀಡಲ್ಲಿತ್ತು ಅಂತ ಕೇಳಿದ್ರು. ಕೆಲವರಿಗೆ ‘ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ’ ಅಂತ, ಇನ್ನು ಕೆಲವರಿಗೆ ‘ತಾಗಿದಾಗ’ ಅಂತ.

ಅಪ್ಪಳಿಸಿದ ಗುಂಪಿನ ಸರಾಸರಿ ಗಂಟೆಗೆ ಸುಮಾರು 41 ಮೈಲಿ, ತಾಗಿದ ಗುಂಪಿನದು ಸುಮಾರು 32. ಇಷ್ಟೇ ಆಗಿದ್ರೆ ಬಿಡಬಹುದಿತ್ತು. ಇನ್ನೊಂದು ಸಲ ಬೇರೆ ಗುಂಪುಗಳ ಮೇಲೆ ಮಾಡಿ, ಒಂದು ವಾರ ಬಿಟ್ಟು ‘ಗಾಜು ಪುಡಿಯಾಗಿದ್ದು ನೋಡಿದ್ರಾ’ ಅಂತ ಕೇಳಿದ್ರು. ‘ಅಪ್ಪಳಿಸಿತು’ ಅಂತ ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಜನ ಹೌದು ಅಂದ್ರು. ‘ಗುದ್ದಿತು’ ಅಂತ ಕೇಳಿಸಿಕೊಂಡಿದ್ದ 50ರಲ್ಲಿ 7 ಜನ. ಫಿಲ್ಮಲ್ಲಿ ಗಾಜು ಒಡೆದೇ ಇರಲಿಲ್ಲ!

ಈಗ ನೀವು ಆಪರೇಟರನ್ನ ಕರೆದು ‘ಅವನು ಓಡ್ತಾ ಇದ್ನಾ?’ ಅಂತ ಕೇಳ್ತೀರಲ್ಲ, ಏನು ಮಾಡ್ತಿದ್ದೀರಿ ಗೊತ್ತಾ? ಅವನ ತಲೆಯೊಳಗೆ ಒಬ್ಬ ಓಡೋ ಹುಡುಗನನ್ನ ಕೂರಿಸ್ತಿದ್ದೀರಿ. ಮುಂದಿನ ವಾರ ಇನ್‌ಸ್ಪೆಕ್ಟರ್ ಬಂದು ಕೇಳಿದಾಗ ಅವನು ಪ್ರಾಮಾಣಿಕವಾಗಿಯೇ ಹೇಳ್ತಾನೆ, ‘ಹೌದು ಸಾರ್, ಓಡ್ತಾ ಇದ್ದ’ ಅಂತ.

ಹಾಗಾದ್ರೆ ಹೆಂಗೆ ಕೇಳೋದು? ‘ನೀನು ಆಗ ಎಲ್ಲಿದ್ದೆ? ಅಲ್ಲಿಂದ ಏನು ಕಾಣಿಸ್ತು? ಮೊದಲಿಂದ ಹೇಳು.’ ಅಷ್ಟೇ. ಆಮೇಲೆ ಬಾಯಿ ಮುಚ್ಕೊಂಡು ಕೂರೋದು. (ಇದು ನಿಮಗೆ ಕಷ್ಟ, ನನಗೆ ಗೊತ್ತು.) ಒಬ್ಬೊಬ್ಬರನ್ನೇ ಕೇಳಬೇಕು, ಅವತ್ತೇ ಕೇಳಬೇಕು. ಎಲ್ಲರನ್ನೂ ಟೀ ಅಂಗಡಿ ಮುಂದೆ ಗುಂಪು ಸೇರಿಸಿ ಕೇಳಿದ್ರೆ ನಾಲ್ಕು ಜನದ ಕಥೆ ಕಲಸಿ ಒಂದೇ ಕಥೆ ಆಗುತ್ತೆ, ಅದರಲ್ಲಿ ಗಂಟಲು ದೊಡ್ಡದಿರೋನ ಪಾಲೇ ಜಾಸ್ತಿ.

ಇನ್ನೊಂದು. ನಮ್ಮ ಹೆಲ್ಪರ್ ಒಡಿಶಾ ಕಡೆಯವನು ಅಂದ್ಕೊಳ್ಳಿ. ನೀವು ಕೇಳಿದ್ದು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, ಅವನು ಹೇಳಿದ್ದು ಮುಕ್ಕಾಲು ಒಡಿಯಾದಲ್ಲಿ, ಮಧ್ಯೆ ಅರ್ಥ ಹೇಳಿದ್ದು ಪಕ್ಕದ ಮೆಷಿನ್ನಿನವನು. ಆದ್ರೆ ನಿಮ್ಮ ರಿಪೋರ್ಟಲ್ಲಿ ಆ ಹುಡುಗ ‘ನನ್ನ ತಪ್ಪಿನಿಂದಾಗಿಯೇ ಸದರಿ ಘಟನೆ ಸಂಭವಿಸಿರುತ್ತದೆ’ ಅಂತ ಹಳಗನ್ನಡದ ಹತ್ತಿರ ಹತ್ತಿರ ಮಾತಾಡ್ತಾನೆ! ಯಾವ ಭಾಷೆಯಲ್ಲಿ ಹೇಳಿದ, ಯಾರು ಕನ್ನಡಕ್ಕೆ ತಂದ್ರು ಅಂತ ಒಂದು ಸಾಲು ಹಾಕಿ. ಅವನು ‘ಪಾಂವ್ ಫಿಸಲ್ ಗಯಾ’ ಅಂದಿದ್ರೆ ಅದನ್ನೇ ಬರೀರಿ.

ಸರಿ, ಈಗ ಟೈಮಿಗೆ ಬನ್ನಿ. ‘ಸುಮಾರು 5.30’ ಅಂದ್ರಲ್ಲ, ಅದು ಎಲ್ಲಿಂದ ಬಂತು? ಗಡಿಯಾರ ನೋಡಿದ್ರಾ, ಟೀ ಬಂದ ಲೆಕ್ಕ ಹಾಕಿದ್ರಾ? ಮೂರನೇ ಪ್ರೆಸ್ ಆಪರೇಟರ್ ನಿಮಗೆ ಫೋನ್ ಮಾಡಿದ್ದಾನೆ. ನಿಮ್ಮ ಮೊಬೈಲಿನ ಕಾಲ್ ಲಿಸ್ಟ್ ತೆಗೀರಿ. 5.42. ಮೆಷಿನ್ ನಿಲ್ಲಿಸಿ, ಹುಡುಗನನ್ನ ಎಬ್ಬಿಸಿ ಕೂರಿಸಿ, ಆಮೇಲೆ ಫೋನ್ ಮಾಡಿದೆ ಅಂತಾನೆ.

ಸಿಸಿ ಕ್ಯಾಮೆರಾ ನೋಡಿದ್ರೆ ಬಿದ್ದಿದ್ದು 5.47! ಅಂದ್ರೆ ಬೀಳೋಕೆ ಮುಂಚೆಯೇ ಫೋನ್ ಬಂತಾ? ಗಾಬರಿ ಆಗ್ಬೇಡಿ, ದೆವ್ವ ಭೂತ ಏನಿಲ್ಲ. ಡಿವಿಆರ್ ಗಡಿಯಾರ ಮುಂದಿದೆ. ಈ ಡಬ್ಬಗಳ ಗಡಿಯಾರ ತಿಂಗಳುಗಟ್ಟಲೆ ಯಾರೂ ಸರಿ ಮಾಡಿರಲ್ಲ, ನಿಧಾನಕ್ಕೆ ಹಿಂದೆ ಮುಂದೆ ಆಗ್ತಾ ಇರುತ್ತೆ. ಪಕ್ಕದಲ್ಲಿ ಮೊಬೈಲ್ ಹಿಡಿದು ನೋಡಿ: ಏಳು ನಿಮಿಷ ಮುಂದೆ. ಹಾಗಾದ್ರೆ ಬಿದ್ದಿದ್ದು 5.40.

ಈಗ ನಿಮ್ಮ ಕೈ ತುರಿಸುತ್ತೆ, ಸದ್ದಿಲ್ಲದೆ 5.40 ಅಂತ ಬರೆದು ಮುಗಿಸೋಣ ಅಂತ. ಬೇಡ. ‘ಡಿವಿಆರ್‌ನಲ್ಲಿ 5.47, ಡಿವಿಆರ್ ಗಡಿಯಾರ ಮೊಬೈಲ್ ಸಮಯಕ್ಕಿಂತ 7 ನಿಮಿಷ ಮುಂದಿದೆ, ಅವತ್ತೇ 6.30ಕ್ಕೆ ಹೋಲಿಸಿ ನೋಡಿದೆ’ ಅಂತ ಬರೀರಿ. ನಾಳೆ ಯಾರಾದ್ರೂ ವಿಡಿಯೋ ತೆಗೆದು ‘ಇಲ್ಲಿ 5.47 ಇದೆ, ನೀವು 5.40 ಬರೆದಿದ್ದೀರಿ, ಏನು ಮುಚ್ಚಿಟ್ರಿ’ ಅಂತ ಕೇಳಿದಾಗ ಬೆವರು ಬರಲ್ಲ. (ವಿಡಿಯೋ ಕಾಪಿ ಮಾಡ್ಕೊಂಡ್ರಾ? ಡಿಸ್ಕ್ ತುಂಬಿದ್ ಕೂಡ್ಲೆ ಹಳೇದನ್ನ ಅದೇ ಅಳಿಸಿಬಿಡುತ್ತೆ.)

ಇನ್ನು ನಿಜವಾದ ಪ್ರಶ್ನೆ. ಕಥೆ ಎಲ್ಲಿಂದ ಶುರು ಮಾಡ್ತೀರಿ? ನೀವು 5.40ಕ್ಕೆ ಶುರು ಮಾಡಿದ್ರಿ, ಕಾಲು ಜಾರಿದಾಗ. ಅಲ್ಲಿಂದ ಶುರು ಮಾಡಿದ್ರೆ ಸೀನಲ್ಲಿ ಇರೋನು ಒಬ್ಬನೇ, ಆ ಹುಡುಗ. ಅಪರಾಧಿ ಯಾರು ಅಂತ ಹುಡುಕೋ ಶ್ರಮವೇ ಇಲ್ಲ. ಬೈಗುಳದ ಪದ ಒಂದೂ ಇಲ್ಲದೆ, ಬರೀ ಶುರು ಮಾಡೋ ಜಾಗದಿಂದಲೇ ಒಬ್ಬನ ಮೇಲೆ ತಪ್ಪು ಹೊರಿಸಬಹುದು. ನೀವು ಅದರಲ್ಲಿ ಎಕ್ಸ್‌ಪರ್ಟು.

ಹಿಂದಕ್ಕೆ ಹೋಗಿ. ಎಣ್ಣೆ ಎಲ್ಲಿಂದ ಬಂತು? ಮೂರನೇ ಪ್ರೆಸ್ಸಿನ ಲಾಗ್ ಬುಕ್ ತೆಗೀರಿ. ಸೋಮವಾರ ಫಸ್ಟ್ ಶಿಫ್ಟಲ್ಲಿ ಎಂಟ್ರಿ ಇದೆ: ‘ಹೋಸ್ ಜಾಯಿಂಟಲ್ಲಿ ಎಣ್ಣೆ ಒಸರ್ತಿದೆ.’ ಅವತ್ತೇ ಮೇಂಟೆನೆನ್ಸಿನವರು ನೋಡಿದ್ದಾರೆ, ಸೀಲ್ ಹೋಗಿದೆ ಅಂದಿದ್ದಾರೆ, ಸ್ಟೋರಲ್ಲಿ ಸೀಲ್ ಇಲ್ಲ, ಇಂಡೆಂಟ್ ಹಾಕಿದ್ದಾರೆ. ಅಲ್ಲಿಗೆ ಲಾಗ್ ಬುಕ್ಕು ಸುಮ್ಮನಾಗುತ್ತೆ.

ಮಂಗಳವಾರ, ಬುಧವಾರ? ಕೆಳಗೆ ರಟ್ಟು ಹಾಕಿದ್ರು. ಯಾರು ಹಾಕಿದ್ರು, ಯಾವಾಗ? ಯಾರಿಗೂ ಗೊತ್ತಿಲ್ಲ. ಈಗ ನೀವೇನು ಮಾಡ್ತೀರಿ? ‘ಮಂಗಳವಾರ ಬೆಳಿಗ್ಗೆ ಹೆಲ್ಪರ್ ರಟ್ಟು ಹಾಕಿದ’ ಅಂತ ಚಂದಕ್ಕೊಂದು ಕಥೆ ಕಟ್ತೀರಿ, ಅಲ್ವಾ? ಬೇಡ. ‘ಗುರುವಾರ ಘಟನೆ ಆದ ಮೇಲೆ ನೋಡಿದಾಗ ಜಾಯಿಂಟಿನ ಕೆಳಗೆ ಎಣ್ಣೆ ಹೀರಿದ ಎರಡು ರಟ್ಟುಗಳಿದ್ದವು, ಯಾವಾಗ ಹಾಕಿದ್ದು ಎಂದು ತಿಳಿದುಬಂದಿಲ್ಲ.’ ರಿಪೋರ್ಟಲ್ಲಿ ತೂತು ಇದ್ರೆ ತೂತು ಅಂತಲೇ ಬರೀರಿ. ನೀವೇನು ಸೀರಿಯಲ್ಲಿಗೆ ಸ್ಕ್ರಿಪ್ಟ್ ಬರೀತಿಲ್ಲ.

ಇನ್ನೊಂದು ಎಳೆ ಇದೆ. ಆ ಹುಡುಗ ಮೂರನೇ ಪ್ರೆಸ್ ಪಕ್ಕ ಯಾಕೆ ಹೋದ? ಹಳದಿ ಗೆರೆ ಎಳೆದಿರೋ ದಾರಿ ಇದೆಯಲ್ಲ, ಬೇಕಾದಷ್ಟು ಅಗಲ? ಗೇಟಿನ ಇನ್‌ವರ್ಡ್ ರಿಜಿಸ್ಟರ್ ನೋಡಿ: ಗುರುವಾರ 3.15ಕ್ಕೆ ಲಾರಿ ಬಂದಿದೆ. ಸ್ಟೋರ್ ತುಂಬಿತ್ತು. ನಾಲ್ಕು ಪ್ಯಾಲೆಟ್ ಇಳಿಸಿ ಎಲ್ಲಿಟ್ರು? ಹಳದಿ ಗೆರೆಯೊಳಗೆ. ಆಮೇಲಿಂದ ಇಡೀ ಶಿಫ್ಟು ಮೂರನೇ ಪ್ರೆಸ್ಸಿಗೂ ಕಂಬಕ್ಕೂ ನಡುವಿನ ಸಂದಿಯಲ್ಲೇ ಓಡಾಡಿದೆ. ಆ ಪ್ಯಾಲೆಟ್ ಅಲ್ಲಿಡಿ ಅಂದಿದ್ದು ಯಾರು?

ಯಾಕೆ ಹಂಗೆ ನೋಡ್ತೀರಿ? ನೀವೇನಾ?

ಹೋಗ್ಲಿ ಬಿಡಿ. ಈಗ ನೋಡಿ, ನಿಮಗೆ ತಟ್ಟನೆ ಒಂದು ವ್ಯಾಕರಣ ನೆನಪಾಗುತ್ತೆ. ಹುಡುಗನ ವಿಷಯದಲ್ಲಿ ‘ಬಿದ್ದ’, ‘ಗಮನಿಸಲಿಲ್ಲ’, ‘ಶೂ ಹಾಕಿರಲಿಲ್ಲ’ ಅಂತ ಕರ್ತೃ ಎದ್ದು ಕಾಣೋ ಹಾಗೆ ಬರೆದೋರು, ನಿಮ್ಮ ವಿಷಯ ಬಂದಾಗ ‘ಪ್ಯಾಲೆಟ್‌ಗಳನ್ನು ತಾತ್ಕಾಲಿಕವಾಗಿ ಇರಿಸಲಾಗಿತ್ತು’ ಅಂತೀರಿ. ಇರಿಸಿದ್ದು ಯಾರು ಸ್ವಾಮಿ, ಗಾಳಿಯಾ? ಎಣ್ಣೆ ‘ಚೆಲ್ಲಿತ್ತು’, ಇಂಡೆಂಟ್ ‘ಹಾಕಲಾಗಿತ್ತು’, ಸಭೆಯಲ್ಲಿ ‘ಸೂಚಿಸಲಾಗಿತ್ತು’. ನಮ್ಮ ಆಫೀಸ್ ಕನ್ನಡದಲ್ಲಿ ಈ ‘ಲಾಗಿದೆ’ ಒಂದು ಇಲ್ಲದಿದ್ರೆ ಎಷ್ಟೋ ಜನಕ್ಕೆ ರಾತ್ರಿ ನಿದ್ದೆಯೇ ಬರ್ತಿರಲಿಲ್ಲ.

ತಪ್ಪು ಹೊರಿಸಬಾರದು ಅಂದ್ರೆ ಮಾಡಿದವರನ್ನ ಮಾಯ ಮಾಡೋದು ಅಂತಲ್ಲ. ಎಲ್ಲರಿಗೂ ಒಂದೇ ಅಳತೆ ಅಂತ. ಹೆಸರು ಬೇಡ, ಹುದ್ದೆ ಹಾಕಿ: ಹೆಲ್ಪರ್, ಪ್ರೆಸ್-3 ಆಪರೇಟರ್, ಸೂಪರ್‌ವೈಸರ್, ಸ್ಟೋರ್ ಕೀಪರ್. (ಹೆಸರು ಬೇಕಾದ ಫಾರಮ್ಮು ಬೇರೆ ಇದೆ, ಅದರಲ್ಲಿ ತುಂಬಿ.) ‘ಸ್ಟೋರಿನಲ್ಲಿ ಜಾಗವಿರಲಿಲ್ಲವಾದ್ದರಿಂದ ಪ್ಯಾಲೆಟ್‌ಗಳನ್ನು ನಡೆಯುವ ದಾರಿಯಲ್ಲಿ ಇಡಲು ಸೂಪರ್‌ವೈಸರ್ ಹೇಳಿದರು.’ ಓದಿ ನೋಡಿ. ಬೈಗುಳ ಇದೆಯಾ? ಇಲ್ಲ. ಮುಚ್ಚಿಟ್ಟಿದ್ದು ಇದೆಯಾ? ಅದೂ ಇಲ್ಲ. ನೀವು ಯಾಕೆ ಹಾಗೆ ಹೇಳಿದ್ರಿ ಅನ್ನೋದೂ ಒಳಗೇ ಇದೆ. ನಿಮಗೆ ಸಿಕ್ಕ ಈ ‘ಆದ್ದರಿಂದ’ ಆ ಹುಡುಗನಿಗೂ ಸಿಗಬೇಡ್ವಾ?

ಶೂ ವಿಷಯಕ್ಕೆ ಬನ್ನಿ. ‘ಸುರಕ್ಷತಾ ಶೂ ಧರಿಸಿರಲಿಲ್ಲ.’ ಇದು ನಿಜವೇ, ಕಣ್ಣಿಗೂ ಕಾಣುತ್ತೆ, ನಮ್ಮ ಪರೀಕ್ಷೆ ಪಾಸಾಗುತ್ತೆ. ಆದ್ರೂ ಇದು ಕಳ್ಳ ವಾಕ್ಯ. ಅವನು ಹೆಲ್ಮೆಟ್ಟೂ ಹಾಕಿರಲಿಲ್ಲ, ರೇನ್‌ಕೋಟೂ ಹಾಕಿರಲಿಲ್ಲ, ಅದನ್ನ ಯಾಕೆ ಬರೀಲಿಲ್ಲ? ‘ಇರಲಿಲ್ಲ’ ಅಂತ ಬರೆದಾಗಲೆಲ್ಲ ‘ಇರಬೇಕಿತ್ತು’ ಅಂತ ಒಂದು ಏಟು ಒಳಗೆ ಇಟ್ಟಿರ್ತೀರಿ.

ಹಾಗಾಗಿ ಇದ್ದಿದ್ದನ್ನ ಬರೀರಿ: ‘ಹವಾಯಿ ಚಪ್ಪಲಿ ಧರಿಸಿದ್ದರು.’ ಶೂ ಕಡ್ಡಾಯ ಅಂತ ನಿಮ್ಮಲ್ಲಿ ನಿಯಮ ಇದ್ರೆ ಅದು ಎಲ್ಲಿ ಬರೆದಿದೆ ಅಂತ ಹಾಕಿ. ಆಮೇಲೆ ಎದ್ದು ಹೋಗಿ ಶೂ ಕೊಟ್ಟ ರಿಜಿಸ್ಟರ್ ನೋಡಿ. ನಮ್ಮ ಕೇಸಲ್ಲಿ ಏನಿದೆ ಗೊತ್ತಾ? ಹುಡುಗ ಕಾಂಟ್ರಾಕ್ಟರ್ ಕಡೆಯವನು, ಬಂದು ಮೂರು ವಾರ, ಅವನ ಹೆಸರಿಗೆ ಎಂಟ್ರಿಯೇ ಇಲ್ಲ. ಶೂ ಕೊಟ್ಟೇ ಇಲ್ಲ! ಈಗ ಮೊದಲಿನ ವಾಕ್ಯ ಇನ್ನೊಂದ್ಸಲ ಓದಿ. ನಾಚಿಕೆ ಆಗುತ್ತೋ ಇಲ್ವೋ?

‘ಕೈ ಮುರಿದುಕೊಂಡಿರುತ್ತಾನೆ’ ಅಂತಾನೂ ಬರೆದ್ರಿ. ನೀವು ಯಾವಾಗ ಮೂಳೆ ಡಾಕ್ಟರ್ ಆದ್ರಿ? ಎಕ್ಸ್‌ರೇ ತೆಗೆಯೋಕೆ ಮುಂಚೆ ನಿಮಗೆ ಗೊತ್ತಿದ್ದು ಇಷ್ಟೇ: ಎಡ ಮಣಿಕಟ್ಟು ಊದಿತ್ತು, ನೋವು ಅಂದ, ಬೆರಳು ಮಡಚೋಕೆ ಆಗ್ತಿಲ್ಲ ಅಂದ. ಅದನ್ನ ಬರೀರಿ. ರಾತ್ರಿ ಎಕ್ಸ್‌ರೇ ಬಂದು ಮೂಳೆ ಬಿರುಕು ಅಂತ ಆದ್ರೆ, ಮೊದಲಿನ ಸಾಲು ಹೊಡೆದು ಹಾಕಬೇಡಿ. ಕೆಳಗೆ ತಾರೀಕು, ಟೈಮು ಹಾಕಿ ‘ನಂತರ ತಿಳಿದದ್ದು’ ಅಂತ ಸೇರಿಸಿ. ಯಾವಾಗ ಏನು ಗೊತ್ತಿತ್ತು ಅನ್ನೋದೂ ಒಂದು ಸಂಗತಿಯೇ.

‘ಇಷ್ಟೆಲ್ಲ ಯಾರು ಓದ್ತಾರೆ ಬಿಡಿ ಸಾರ್’ ಅಂತೀರಾ? ಓದ್ತಾರೆ. ಗಾಯವಾದವರು 48 ಗಂಟೆ ಅಥವಾ ಅದಕ್ಕೂ ಹೆಚ್ಚು ಕೆಲಸಕ್ಕೆ ಬರಲಾಗದಿದ್ರೆ ಸರ್ಕಾರಕ್ಕೆ ತಿಳಿಸಬೇಕು ಅಂತ 1948ರ ಫ್ಯಾಕ್ಟರೀಸ್ ಆಕ್ಟಲ್ಲೇ ಇತ್ತು, 2020ರ ಹೊಸ ಸಂಹಿತೆಯಲ್ಲೂ ಆ 48 ಗಂಟೆ ಹಾಗೇ ಇದೆ. ಇಎಸ್‌ಐ ಇರೋ ಕಡೆ ಆಕ್ಸಿಡೆಂಟ್ ಬುಕ್ಕು ಬೇರೆ. ಆ ಹುಡುಗನಿಗೆ ಕೈ ಸರಿ ಹೋಗೋವರೆಗೆ ಸಂಬಳದ ಶೇ. 90ರಷ್ಟು ಇಎಸ್‌ಐಯಿಂದ ಬರಬೇಕಾದ್ರೆ, ಗಾಯ ಕೆಲಸದಲ್ಲೇ ಆಯ್ತು ಅಂತ ತೋರಿಸೋದು ನಿಮ್ಮ ಈ ಕಾಗದವೇ.

‘ಮತ್ತೆ ತಪ್ಪು ಮಾಡಿದವನಿಗೆ ಶಿಕ್ಷೆ ಬೇಡ್ವಾ?’ ಕೇಳ್ತೀರಿ ಅಂತ ಗೊತ್ತಿತ್ತು, ಆಗಲೇ ತುಟಿ ಅಲ್ಲಾಡ್ತಿತ್ತು. ಬೇಕಾದ್ರೆ ಮಾಡಿ, ಬೇರೆ ಫೈಲಲ್ಲಿ. ಯಾರಾದ್ರೂ ಕುಡಿದು ಬಂದಿದ್ರೆ, ಬೇಕಂತಲೇ ಗಾರ್ಡ್ ಕಿತ್ತು ಹಾಕಿದ್ರೆ, ಅದರ ವಿಚಾರಣೆಗೆ ಅದರದೇ ಕ್ರಮ ಇದೆ, ಅಲ್ಲಿ ಅವನಿಗೂ ಮಾತಾಡೋಕೆ ಅವಕಾಶ ಇದೆ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಿದ್ರೆ ನಾಳೆಯಿಂದ ಯಾರೂ ನಿಮಗೆ ನಿಜ ಹೇಳಲ್ಲ.

ವಿಮಾನದವರು ಇದನ್ನ ಎಷ್ಟೋ ಹಿಂದೆ ಕಂಡುಕೊಂಡ್ರು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳಲ್ಲಿ ಅನೆಕ್ಸ್ 13 ಅಂತ ಒಂದಿದೆ, ಅಪಘಾತದ ತನಿಖೆಗೆ ಅಂತಲೇ. ತನಿಖೆ ಇರೋದು ಇಂಥದ್ದು ಮತ್ತೆ ಆಗದೇ ಇರೋದಕ್ಕೆ ಮಾತ್ರ, ತಪ್ಪು ಯಾರದು ಅಂತ ಹಂಚೋದಕ್ಕಲ್ಲ ಅಂತ ಅದರಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ. ನೂರಾರು ಜನ ಸತ್ತ ಕಡೆ ಆ ಸಂಯಮ ಇಟ್ಕೊಳ್ತಾರೆ. ನಮಗೆ ಒಂದು ಮಣಿಕಟ್ಟಿಗೇ ತಡ್ಕೊಳ್ಳೋಕೆ ಆಗಲ್ಲ.

ಈಗ ಕಾರಣ. ಸಂಗತಿ ಬೇರೆ, ಕಾರಣ ಬೇರೆ; ಬೇರೆ ಬೇರೆ ತಲೆಬರಹದ ಕೆಳಗೆ ಬರೀರಿ. ಟೊಯೋಟಾದವರ ಐದು ‘ಯಾಕೆ’ ನಿಮಗೂ ಟ್ರೈನಿಂಗಲ್ಲಿ ಹೇಳಿರ್ತಾರೆ (ನೀವು ಆಗ ಸಮೋಸ ಬಂತಾ ಅಂತ ಬಾಗಿಲು ನೋಡ್ತಿದ್ರಿ). ಯಾಕೆ ಜಾರಿದ? ಎಣ್ಣೆ ಇತ್ತು. ಯಾಕಿತ್ತು? ಸೀಲ್ ಹೋಗಿತ್ತು. ಯಾಕೆ ಹಾಕಲಿಲ್ಲ? ಸ್ಟೋರಲ್ಲಿರಲಿಲ್ಲ. ಯಾಕಿರಲಿಲ್ಲ? ಕಡಿಮೆ ಆದ್ರೆ ತಾನಾಗೇ ತರಿಸೋ ಸಾಮಾನಿನ ಲಿಸ್ಟಲ್ಲಿ ಆ ಸೀಲ್ ಇಲ್ಲ.

ನೋಡಿದ್ರಾ, ನಾಲ್ಕನೇ ‘ಯಾಕೆ’ಗೆ ಒಂದು ಲಿಸ್ಟಿಗೆ ಬಂದು ನಿಂತ್ವಿ. ನೀವಾಗಿದ್ರೆ ಮೊದಲನೇದಕ್ಕೇ ‘ಯಾಕಂದ್ರೆ ಅವನು ಹಂಗೇ’ ಅಂತ ಮುಗಿಸ್ತಿದ್ರಿ. ಆದ್ರೆ ಹುಷಾರು, ಈ ಐದು ‘ಯಾಕೆ’ ಹಿಡ್ಕೊಂಡು ಹೋದ್ರೆ ಒಂದೇ ಎಳೆಯಲ್ಲಿ ಇಳಿದುಬಿಡ್ತೀವಿ. ಸೀಲಿನ ಹಿಂದೆ ಹೋದವರಿಗೆ ಪ್ಯಾಲೆಟ್ ಮರೆತೇ ಹೋಗುತ್ತೆ. ದಾರಿ ಖಾಲಿ ಇದ್ದಿದ್ರೆ ಎಣ್ಣೆ ಇದ್ರೂ ಅವನು ಆ ಕಡೆ ಕಾಲಿಡ್ತಿರಲಿಲ್ಲ. ಅದಕ್ಕೆ ಎರಡನೇ ಎಳೆಯನ್ನೂ ಬೇರೆ ಹಿಡಿದು ಕೆಳಗಿಳೀರಿ.

ಎರಡೂ ಎಳೆ ಸಿಕ್ಕಿದ ಮೇಲೆ ‘ತಿಳಿಹೇಳಲಾಗಿದೆ’ ಅನ್ನೋ ಕೊನೇ ಸಾಲು ಎಷ್ಟು ಬಡಪಾಯಿ ಅಂತ ನಿಮಗೇ ಗೊತ್ತಾಗುತ್ತೆ. ಹುಡುಗನಿಗೆ ತಿಳಿಹೇಳಿದ್ರೆ ಸೀಲ್ ಸರಿಹೋಗುತ್ತಾ? ಅದರ ಜಾಗದಲ್ಲಿ ಮಾಡೋ ಕೆಲಸ ಬರೀರಿ: ಸೀಲ್ ಬದಲಾಯಿಸೋವರೆಗೆ ಮೂರನೇ ಪ್ರೆಸ್ ಬಂದ್, ಮೇಂಟೆನೆನ್ಸ್ ಇನ್‌ಚಾರ್ಜ್ ಜವಾಬ್ದಾರಿ, ಇಂಥ ತಾರೀಕು. ದಾರಿ ಇವತ್ತೇ ಖಾಲಿ. ಕಾಂಟ್ರಾಕ್ಟ್ ಹುಡುಗರಿಗೆ ಕೆಲಸಕ್ಕೆ ಬಿಡೋ ಮುಂಚೆ ಶೂ. ಆ ಸೀಲ್ ಸ್ಟೋರಿನ ಲಿಸ್ಟಿಗೆ.

ಈಗ ಪೆನ್ನು ತಗೊಳ್ಳಿ. ಬರೀರಿ, ನಾನು ಪಕ್ಕದಲ್ಲೇ ಇರ್ತೀನಿ.

‘ಸೋಮವಾರ, ಫಸ್ಟ್ ಶಿಫ್ಟ್: ಪ್ರೆಸ್-3ರ ಹೋಸ್ ಜಾಯಿಂಟಿನಲ್ಲಿ ಎಣ್ಣೆ ಒಸರುತ್ತಿದೆ ಎಂದು ಆಪರೇಟರ್ ಲಾಗ್ ಬುಕ್ಕಿನಲ್ಲಿ ಬರೆದರು. ಮೇಂಟೆನೆನ್ಸ್ ಫಿಟ್ಟರ್ ಪರಿಶೀಲಿಸಿದರು. ಸೀಲ್ ಸ್ಟೋರಿನಲ್ಲಿ ಇರಲಿಲ್ಲ. ಅದೇ ದಿನ ಇಂಡೆಂಟ್ ಹಾಕಿದರು. ಗುರುವಾರದವರೆಗೆ ಸೀಲ್ ಬಂದಿರಲಿಲ್ಲ, ಪ್ರೆಸ್ ಕೆಲಸದಲ್ಲಿತ್ತು.’

‘ಗುರುವಾರ 3.15 (ಗೇಟ್ ರಿಜಿಸ್ಟರ್): ಲಾರಿ ಬಂದಿತು. ಸ್ಟೋರಿನಲ್ಲಿ ಜಾಗವಿರಲಿಲ್ಲವಾದ್ದರಿಂದ ನಾಲ್ಕು ಪ್ಯಾಲೆಟ್‌ಗಳನ್ನು ನಡೆಯುವ ದಾರಿಯಲ್ಲಿ ಇಡಲು ಸೂಪರ್‌ವೈಸರ್ ಹೇಳಿದರು. ಅಲ್ಲಿಂದ ಮುಂದೆ ಕೆಲಸಗಾರರು ಪ್ರೆಸ್-3 ಮತ್ತು ಕಂಬದ ನಡುವೆ ಓಡಾಡಿದರು (ವಿಡಿಯೋ).’

‘5.38: ಹೆಲ್ಪರ್ ಪ್ರೆಸ್-4ರ ಬಳಿಯಿಂದ 14 ಕೆ.ಜಿ. ತೂಕದ (ನಂತರ ತೂಗಿದ್ದು) ಕ್ರೇಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಹವಾಯಿ ಚಪ್ಪಲಿ ಧರಿಸಿದ್ದರು. ಶೂ ರಿಜಿಸ್ಟರಿನಲ್ಲಿ ಅವರ ಹೆಸರಿಗೆ ಎಂಟ್ರಿ ಇಲ್ಲ. 5.40: ಪ್ರೆಸ್-3ರ ಪಕ್ಕ ಎಣ್ಣೆ ಇದ್ದ ಜಾಗದಲ್ಲಿ ಬಲಗಾಲು ಮುಂದಕ್ಕೆ ಜಾರಿತು. ಡಿವಿಆರ್‌ನಲ್ಲಿ 5.47, ಡಿವಿಆರ್ ಗಡಿಯಾರ ಮೊಬೈಲ್ ಸಮಯಕ್ಕಿಂತ 7 ನಿಮಿಷ ಮುಂದಿದೆ, ಅವತ್ತೇ 6.30ಕ್ಕೆ ಹೋಲಿಸಿ ನೋಡಿದೆ. ಎಡಗೈ ಊರಿ ಬಿದ್ದರು. ಪ್ರೆಸ್-3 ಆಪರೇಟರ್ ಮೆಷಿನ್ ನಿಲ್ಲಿಸಿದರು. 5.42: ಸೂಪರ್‌ವೈಸರಿಗೆ ಫೋನ್ ಮಾಡಿದರು. 5.55: ಹೆಲ್ಪರನ್ನು ಆಸ್ಪತ್ರೆಗೆ ಕರೆದೊಯ್ದೆವು.’

ನೋಡಿ, ಬಣ್ಣ ಹಚ್ಚೋ ವಿಶೇಷಣ ಅನ್ನೋದು ಒಂದೂ ಇಲ್ಲ. ‘ದುರದೃಷ್ಟವಶಾತ್’ ಕೂಡ ಇಲ್ಲ. (ಅದನ್ನೂ ಹಾಕೋ ಆಸೆ ಇತ್ತು ನಿಮಗೆ, ಬೆರಳು ಆ ಕಡೆ ಹೋಗಿದ್ದು ನೋಡಿದೆ.) ‘ಜಾರಿತು’ ಅಂತ ಯಾಕೆ, ‘ಜಾರಿದ’ ಅಂತ ಯಾಕಿಲ್ಲ ಅಂತೀರಾ? ಜಾರಿದ್ದು ಕಾಲು. ಕ್ರೇಟ್ ಎತ್ತಿದ್ದು, ನಡೆದಿದ್ದು ಅವನು ಮಾಡಿದ್ದು. ಜಾರಿದ್ದು ಅವನು ಮಾಡಿದ್ದಲ್ಲ.

ಇನ್ನೊಂದೇ ಕೆಲಸ ಬಾಕಿ. ಸಹಿ ಹಾಕೋಕೆ ಮುಂಚೆ ಈ ಕಾಗದ ತಗೊಂಡು ಆ ಹುಡುಗನ ಹತ್ತಿರ ಹೋಗಿ. ಬ್ಯಾಂಡೇಜ್ ಹಾಕ್ಕೊಂಡು ಕೂತಿರ್ತಾನೆ. ಅವನ ಭಾಷೆಯಲ್ಲಿ ಓದಿಸಿ. ಮೊದಲು ಹೆದರ್ತಾನೆ, ಕಾಗದ ನೋಡಿದ್ರೆ ಕೆಲಸ ಹೋಯ್ತು ಅಂದ್ಕೊಳ್ತಾನೆ. ಓದ್ತಾ ಓದ್ತಾ ಬೈಗುಳ ಎಲ್ಲೂ ಬರ್ಲಿಲ್ಲ ಅಂತ ಗೊತ್ತಾದ ಮೇಲೆ ಮುಖ ಸ್ವಲ್ಪ ಸಡಿಲ ಆಗುತ್ತೆ.

ಆಗ ಹೇಳ್ತಾನೆ ನೋಡಿ: ‘ಸಾಬ್, ಆ ಕ್ರೇಟಿನ ಒಂದು ಕಡೆ ಹಿಡಿ ಮುರಿದಿತ್ತು. ಅದಕ್ಕೇ ಎದೆಗೆ ಒತ್ಕೊಂಡು ಹಿಡಿದಿದ್ದೆ. ಅಂಥವು ಇನ್ನೂ ಹತ್ತು ಹನ್ನೆರಡು ಇವೆ ಅಲ್ಲಿ.’ ಇದನ್ನ ಲಾಗ್ ಬುಕ್ಕೂ ಹೇಳಿರಲಿಲ್ಲ, ಕ್ಯಾಮೆರಾನೂ ಹೇಳಿರಲಿಲ್ಲ. ನಿಮ್ಮ ಹಳೇ ನಾಲ್ಕು ಸಾಲಿನ ರಿಪೋರ್ಟ್ ಓದಿಸಿದ್ದಿದ್ರೆ ಅವನು ಹೆಬ್ಬೆಟ್ಟು ಒತ್ತಿ ಸುಮ್ಮನಾಗ್ತಿದ್ದ.

ಹಾಗಾಗಿ ಏಳಿ, ಮೊದಲು ಆ ಕ್ರೇಟ್ ಎಲ್ಲಿದೆ ಹುಡುಕಿ, ಫೋಟೋ ತೆಗೀರಿ. ಆಮೇಲೆ 5.38ರ ಸಾಲಿನಲ್ಲಿ ಹಿಡಿ ಮುರಿದ ವಿಷಯ ಸೇರಿಸಿ, ಹೇಳಿದ್ದು ಹೆಲ್ಪರ್ ಅಂತ ಹಾಕಿ. ಏನು, ಆಗಲೇ ಪ್ರಿಂಟ್ ತೆಗೆದಾಗಿದೆಯಾ? ಮೂರು ಕಾಪಿನಾ? ಕಲರ್ರಾ?! ಮತ್ತೆ ತೆಗೀರಿ ಸ್ವಾಮಿ.